ಘನಮೂಲವೂ ವರ್ಗಮೂಲವೂ ಒಟ್ಟಿಗೆ ಬಂದ 0/0 ಲೆಕ್ಕ: ಯಾವ ದಾರಿ ಹಿಡಿಯಬೇಕು?

ಸಿಂಧನೂರು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ನಮ್ಮ ಕಿರುಪರೀಕ್ಷೆಯಲ್ಲಿ ಈ ಕೆಳಗಿನ ಲೆಕ್ಕ ಕೊಟ್ಟು, x = 2 ರಲ್ಲಿ f ಅವಿಚ್ಛಿನ್ನವಾಗಿರಬೇಕಾದರೆ k ಬೆಲೆ ಎಷ್ಟಿರಬೇಕೆಂದು ಕೇಳಿದ್ದರು.

```
f(x) = (∛(x+6) − √(x+2)) / (x − 2),   x ≠ 2
f(2) = k
```

x = 2 ಹಾಕಿದರೆ ಅಂಶದಲ್ಲಿ 2 − 2, ಛೇದದಲ್ಲಿಯೂ ಸೊನ್ನೆ, ಆದ್ದರಿಂದ ಇದು 0/0 ರೂಪವೆಂಬುದು ತಿಳಿಯಿತು. ಮೂಲಚಿಹ್ನೆ ಕಂಡ ಕೂಡಲೇ ಅಕರಣೀಕರಣ ಮಾಡಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ಅದರಂತೆ ನಡುವಿನ ಚಿಹ್ನೆ ಬದಲಿಸಿ ∛(x+6) + √(x+2) ಇಂದ ಮೇಲೆಯೂ ಕೆಳಗೆಯೂ ಗುಣಿಸಿದಾಗ ಅಂಶದಲ್ಲಿ (x+6)^(2/3) − (x+2) ಉಳಿಯಿತು. ವರ್ಗಮೂಲ ಹೋಯಿತು, ಘನಮೂಲ ಹೋಗಲಿಲ್ಲ, 2 ಹಾಕಿದರೆ ಮತ್ತೆ 0/0 ಬಂತು. ನನ್ನ ಪ್ರಶ್ನೆ ಉತ್ತರ ಎಷ್ಟೆಂಬುದಲ್ಲ. ಅಪವರ್ತನ, ಅಕರಣೀಕರಣ, ಸ್ಟ್ಯಾಂಡರ್ಡ್ ಲಿಮಿಟ್ ಈ ಮೂರರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆಂದು ಲೆಕ್ಕಕ್ಕೆ ಕೈಹಚ್ಚುವ ಮೊದಲೇ ತಿಳಿಯುವುದು ಹೇಗೆ?

ಬಳ್ಳಾರಿ ಟ್ಯೂಷನ್ ಮೇಷ್ಟ್ರು

ತಂಗಿ, ನಿಮಗೆ ಹೇಳಿಕೊಟ್ಟದ್ದು ಸರಿಯಾಗಿಯೇ ಇದೆ. ಬಹುಪದೋಕ್ತಿಯಾದರೆ ಅಪವರ್ತನ, ಮೂಲಚಿಹ್ನೆಯಾದರೆ ಅಕರಣೀಕರಣ, ಸೈನ್, ಕಾಸ್, ಲಾಗ್ ಅಥವಾ ಘಾತದ ಲೆಕ್ಕವಾದರೆ ಸ್ಟ್ಯಾಂಡರ್ಡ್ ಲಿಮಿಟ್. ನಾನು ಮಕ್ಕಳಿಗೆ ಬೋರ್ಡಿನ ಮೂಲೆಯಲ್ಲಿ ಇದನ್ನೇ ಬರೆಸುತ್ತೇನೆ. ಮೊದಲ ಸಲ ಗುಣಿಸಿ ಮೂಲ ಹೋಗದಿದ್ದರೆ ಮತ್ತೊಮ್ಮೆ ಅಕರಣೀಕರಿಸಬೇಕು, ಅಷ್ಟೇ.

ಸಿರುಗುಪ್ಪ ಪಾಲಕ

ಇಷ್ಟೆಲ್ಲ ಏಕೆ? ಲೋಪಿತಾಲ್ ನಿಯಮ ಹಾಕಿ, ಎರಡೇ ಸಾಲು. ಅಂಶವನ್ನೂ ಛೇದವನ್ನೂ ಬೇರೆ ಬೇರೆಯಾಗಿ ಅವಕಲಿಸಿದರೆ ಛೇದ 1 ಆಗುತ್ತದೆ, ಅಂಶ (1/3)(x+6)^(−2/3) − (1/2)(x+2)^(−1/2) ಆಗುತ್ತದೆ. x = 2 ಹಾಕಿದರೆ 1/12 − 1/4 = −1/6. ಸಿಇಟಿಯಲ್ಲಿ ಗಣಿತದ 60 ಪ್ರಶ್ನೆಗೆ 80 ನಿಮಿಷ ಕೊಡುತ್ತಾರೆ, ಅಲ್ಲಿ ಯಾರೂ ನಿಮ್ಮ ವಿಧಾನ ನೋಡುವುದಿಲ್ಲ.

ಸಿಂಧನೂರು ವಿದ್ಯಾರ್ಥಿನಿ

ಸರ್, ಆ ಉತ್ತರ ನಮ್ಮ ಲೆಕ್ಚರರ್ ಹೇಳಿದ ಉತ್ತರಕ್ಕೆ ಹೊಂದುತ್ತದೆ. ಆದರೆ ಪ್ರಶ್ನೆಯ ಕೆಳಗೆ ‘ಅವಕಲನ ಬಳಸದೆ’ ಎಂದು ಬರೆದಿದ್ದರು. ಅದನ್ನು ಮೊದಲೇ ಹೇಳಬೇಕಿತ್ತು.

ಕುಷ್ಟಗಿ ಪಿಯು

ನನಗೂ −1/6 ಬಂತು, ಅವಕಲನ ಬಳಸದೆಯೇ ಬಂತು. x = t⁶ ಎಂದು ಇಟ್ಟರೆ ಘನಮೂಲ t² ಆಗುತ್ತದೆ, ವರ್ಗಮೂಲ t³ ಆಗುತ್ತದೆ. ಆಗ (t² − t³)/(t⁶ − 1). ಮೇಲೆ t²(1 − t), ಕೆಳಗೆ (t − 1)(t⁵ + t⁴ + t³ + t² + t + 1). t − 1 ಹೊಡೆದುಹೋಗಿ, t = 1 ಹಾಕಿದರೆ −1/6. ಅಂದರೆ ಇದು ಅಪವರ್ತನದ ಲೆಕ್ಕ.

ಗಂಗಾವತಿ ನಿವೃತ್ತ ಉಪನ್ಯಾಸಕಿ

ತಮ್ಮ, ನೀವು ಬಿಡಿಸಿದ್ದು (∛x − √x)/(x − 1), ಅದೂ x → 1 ಆದಾಗ. ಕೇಳಿರುವ ಲೆಕ್ಕ ಅದಲ್ಲ. 1/3 − 1/2 ಕೂಡ −1/6, 1/12 − 1/4 ಕೂಡ −1/6, ಇದು ಬರೀ ಕಾಕತಾಳೀಯ. ನಿಮ್ಮ ಲೆಕ್ಕದಲ್ಲಿ ಎರಡೂ ಮೂಲಗಳ ಒಳಗೆ ಒಂದೇ x ಇದ್ದುದರಿಂದ t⁶ ಎರಡನ್ನೂ ಒಟ್ಟಿಗೆ ಬಿಡಿಸಿತು. ಇಲ್ಲಿ x + 6 = t⁶ ಎಂದು ಇಟ್ಟರೆ x + 2 ಎಂಬುದು t⁶ − 4 ಆಗುತ್ತದೆ, ಅದರ ವರ್ಗಮೂಲ ಹಾಗೆಯೇ ನಿಲ್ಲುತ್ತದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಮೇಷ್ಟ್ರು ಹೇಳಿದ ಪಟ್ಟಿ ಲೆಕ್ಕದ ಮುಖ ನೋಡಿ ವಿಧಾನ ಆರಿಸುತ್ತದೆ. ನಾನು ಪಾಠ ಮಾಡುವಾಗ ಮಕ್ಕಳನ್ನು ಬೇರೆ ಪ್ರಶ್ನೆ ಕೇಳುತ್ತಿದ್ದೆ: ಈ ಸೊನ್ನೆಯನ್ನು ಯಾವ ವ್ಯವಕಲನ ಹುಟ್ಟಿಸಿತು? ಛೇದದಲ್ಲಿ ಸೊನ್ನೆ ಬಂದದ್ದು x − 2 ಇಂದ. ಅಂಶದೊಳಗೂ ಅದೇ x − 2 ಎಲ್ಲೋ ಅಡಗಿದೆ, ಇಲ್ಲದಿದ್ದರೆ ಅಲ್ಲಿ ಸೊನ್ನೆ ಬರುತ್ತಿರಲಿಲ್ಲ. ಮೂರು ವಿಧಾನಗಳೂ ಅದನ್ನು ಹೊರಗೆಳೆಯುವ ಕೆಲಸವನ್ನೇ ಮಾಡುತ್ತವೆ. ಆದ್ದರಿಂದ ಅದು ಯಾವುದರಿಂದ ಸಲೀಸಾಗಿ ಹೊರಬರುತ್ತದೆ ಎಂಬುದಷ್ಟೇ ಆಯ್ಕೆಯ ಪ್ರಶ್ನೆ.

ಅಂಶದ ಎರಡು ಪದಗಳನ್ನು ಬೇರೆ ಬೇರೆ ನೋಡಿ. x = 2 ಆದಾಗ ಘನಮೂಲ 2 ಆಗುತ್ತದೆ, ವರ್ಗಮೂಲವೂ 2 ಆಗುತ್ತದೆ. ಎರಡೂ ಒಂದೇ ಸಂಖ್ಯೆಯತ್ತ ಹೋಗುತ್ತಿವೆ, ಆದರೆ ಅವೆರಡಕ್ಕೂ ಪರಸ್ಪರ ನೇರ ಸಂಬಂಧವಿಲ್ಲ, ಸಂಬಂಧವಿರುವುದು ಒಂದೊಂದಕ್ಕೂ 2 ರೊಡನೆ. ಹಾಗಾದರೆ ನಡುವೆ 2 ಅನ್ನು ಕಳೆದು ಕೂಡಿಸಿ:

```
(∛(x+6) − 2)/(x − 2)  −  (√(x+2) − 2)/(x − 2)
```

ಎರಡನೆಯ ಭಾಗ ನಿಮಗೆ ಗೊತ್ತಿರುವ ಅಕರಣೀಕರಣವೇ. √(x+2) + 2 ಇಂದ ಗುಣಿಸಿದರೆ ಅಂಶ x + 2 − 4, ಅಂದರೆ ಸರಿಯಾಗಿ x − 2 ಆಗುತ್ತದೆ. ಅದು ಛೇದದೊಡನೆ ಹೊಡೆದುಹೋಗಿ 1/(√(x+2) + 2) ಉಳಿಯುತ್ತದೆ, ಲಿಮಿಟ್ 1/4. ಮೊದಲನೆಯ ಭಾಗದಲ್ಲಿ x + 6 = y ಎಂದಿಡಿ. x − 2 ಎಂಬುದು y − 8 ಆಗುತ್ತದೆ, y ಹೋಗುವುದು 8 ರತ್ತ. ಆಗ (y^(1/3) − 8^(1/3))/(y − 8) ಎಂಬುದು (xⁿ − aⁿ)/(x − a) ಎಂಬ ಸ್ಟ್ಯಾಂಡರ್ಡ್ ಲಿಮಿಟ್ಟಿನ ರೂಪ, ಉತ್ತರ (1/3)·8^(−2/3) = 1/12. ಆ ಸೂತ್ರವನ್ನು ಮೊದಲು ಸಾಧಿಸುವುದು n ಧನ ಪೂರ್ಣಾಂಕವೆಂದಿಟ್ಟುಕೊಂಡು, ಆದರೆ a ಧನಸಂಖ್ಯೆಯಾಗಿದ್ದರೆ n ಭಿನ್ನರಾಶಿಯಾದರೂ ಸೂತ್ರ ನಿಲ್ಲುತ್ತದೆ. ಇಲ್ಲಿ a ಎಂಬುದು 8, ತೊಂದರೆಯಿಲ್ಲ. ಹೀಗೆ k = 1/12 − 1/4 = −1/6.

ಬಳ್ಳಾರಿ ಟ್ಯೂಷನ್ ಮೇಷ್ಟ್ರು

ಮೇಡಂ, ನಿಮ್ಮ ದಾರಿ ಚೊಕ್ಕವಾಗಿದೆ, ಒಪ್ಪುತ್ತೇನೆ. ಆದರೆ ಈ ಲೆಕ್ಕ ಅಕರಣೀಕರಣಕ್ಕೆ ಬಗ್ಗುವುದಿಲ್ಲ ಎಂಬ ಅರ್ಥ ಓದುವವರಿಗೆ ಬರಬಾರದು. ಘನಮೂಲವನ್ನು a, ವರ್ಗಮೂಲವನ್ನು b ಎನ್ನೋಣ. ಎರಡೂ ಒಮ್ಮೆಗೇ ಅಳಿಯಬೇಕಾದರೆ ಆರನೆಯ ಘಾತಕ್ಕೆ ಹೋಗಬೇಕು, ಏಕೆಂದರೆ a⁶ = (x+6)², b⁶ = (x+2)³. ಆದ್ದರಿಂದ a⁵ + a⁴b + a³b² + a²b³ + ab⁴ + b⁵ ಇಂದ ಗುಣಿಸಬೇಕು. ಅಂಶ ಹೀಗಾಗುತ್ತದೆ:

```
(x+6)² − (x+2)³ = −x³ − 5x² + 28
                = −(x − 2)(x² + 7x + 14)
```

x − 2 ಹೊಡೆದುಹೋಯಿತು. x = 2 ಆದಾಗ x² + 7x + 14 ಎಂಬುದು 32. ಕೆಳಗೆ ಉಳಿದ ಆರು ಪದಗಳಲ್ಲಿ ಪ್ರತಿಯೊಂದೂ 2⁵ = 32, ಒಟ್ಟು 192. −32/192 = −1/6. ಮೂಲಚಿಹ್ನೆ ಇದ್ದರೆ ಅಕರಣೀಕರಣ ಎಂಬ ನನ್ನ ಮಾತು ಇಲ್ಲಿಯೂ ನಿಂತಿತು.

ಗಂಗಾವತಿ ನಿವೃತ್ತ ಉಪನ್ಯಾಸಕಿ

ನಿಂತಿತು ನಿಜ, ಚೆನ್ನಾಗಿಯೂ ಮಾಡಿದ್ದೀರಿ. ಆದರೆ ಅಕರಣೀಕರಣ ಮುಗಿದ ಮೇಲೆ ನೀವು ಅಪವರ್ತನವನ್ನೂ ಮಾಡಬೇಕಾಯಿತು ಎಂಬುದನ್ನು ಗಮನಿಸಿ. −x³ − 5x² + 28 ರಲ್ಲಿ x − 2 ಇದೆಯೆಂದು ತಿಳಿದವರಿಗೆ ಅದು ಸುಲಭ, ಪರೀಕ್ಷೆಯ ಗಡಿಬಿಡಿಯಲ್ಲಿ (x+2)³ ಬಿಡಿಸುವಾಗಲೇ ಒಂದು ಪದ ತಪ್ಪಿದರೆ ಮುಂದೆ x − 2 ಹೊರಬರುವುದೇ ಇಲ್ಲ. ಒಂದು ಅನುಕೂಲವೆಂದರೆ, ತಪ್ಪಿದ್ದು ಗೊತ್ತಾಗುತ್ತದೆ: ಬಿಡಿಸಿದ ಅಂಶಕ್ಕೆ x = 2 ಹಾಕಿ, −8 − 20 + 28 ಸೊನ್ನೆಯಾಗಲೇಬೇಕು. ಆಗದಿದ್ದರೆ ಹಿಂದಿನ ಸಾಲಿಗೆ ಹೋಗಬೇಕು.

ಮಕ್ಕಳು ಪದೇ ಪದೇ ಎಡವುವ ಇನ್ನೊಂದು ಜಾಗವಿದೆ. ಅಕರಣೀಕರಿಸಿದ ನಂತರ ಛೇದದಲ್ಲಿ ಬರುವ √(x+2) + 2 ಎಂಬ ಕಂಸವನ್ನು x − 2 ರೊಡನೆ ಗುಣಿಸಿ ಬಿಡಿಸಿಬಿಡುತ್ತಾರೆ. ಆ ಕಂಸದ ಬೆಲೆ 4, ಅದು ಸೊನ್ನೆಯಲ್ಲ, ಅದರಿಂದ ಯಾವ ಅಡ್ಡಿಯೂ ಇಲ್ಲ. ಅದನ್ನು ಮುಟ್ಟದೆ ಹಾಗೆಯೇ ಇಟ್ಟು, ಸೊನ್ನೆಯಾಗುವ x − 2 ಅನ್ನಷ್ಟೇ ಹೊಡೆದುಹಾಕಿ, ಕೊನೆಯಲ್ಲಿ ಬೆಲೆ ಹಾಕಿದರೆ ಸಾಕು.

ರಾಯಚೂರು ಡಿಪ್ಲೊಮಾ

ಮೇಡಂ, ಹೀಗೆ ಎರಡು ತುಂಡು ಮಾಡಿ ಬೇರೆ ಬೇರೆ ಲಿಮಿಟ್ ತೆಗೆಯುವುದನ್ನು ನಾನು ನಮ್ಮ ಸೆಮಿಸ್ಟರ್ ಪರೀಕ್ಷೆಯಲ್ಲಿ ಮಾಡಿದ್ದೆ, ಸೊನ್ನೆ ಅಂಕ ಬಂತು. ಲೆಕ್ಕ (tan x − sin x)/x³, x → 0. tan x/x ಲಿಮಿಟ್ 1, sin x/x ಲಿಮಿಟ್ 1, ಆದ್ದರಿಂದ tan x ಜಾಗದಲ್ಲಿ x, sin x ಜಾಗದಲ್ಲಿಯೂ x ಬರೆದು, ಅಂಶ ಸೊನ್ನೆ, ಉತ್ತರ 0 ಎಂದಿದ್ದೆ. ನೀವು ಮಾಡಿದರೆ ಸರಿ, ನಾನು ಮಾಡಿದರೆ ತಪ್ಪು ಹೇಗೆ?

ಗಂಗಾವತಿ ನಿವೃತ್ತ ಉಪನ್ಯಾಸಕಿ

ಒಳ್ಳೆಯ ಪ್ರಶ್ನೆ, ಮೂಲ ಲೆಕ್ಕಕ್ಕೂ ಇದು ಬೇಕಾದದ್ದೇ. ವ್ಯತ್ಯಾಸದ ಲಿಮಿಟ್ಟನ್ನು ಲಿಮಿಟ್ಟುಗಳ ವ್ಯತ್ಯಾಸವೆಂದು ಬರೆಯಬೇಕಾದರೆ ಎರಡೂ ತುಂಡುಗಳಿಗೆ ಪ್ರತ್ಯೇಕವಾಗಿ ಸಾಂತ ಲಿಮಿಟ್ ಇರಬೇಕು. ಮೇಲಿನ ಲೆಕ್ಕದಲ್ಲಿ 1/12 ಮತ್ತು 1/4 ಎರಡೂ ಇದ್ದವು. ನಿಮ್ಮ ಲೆಕ್ಕದಲ್ಲಿ ತುಂಡು ಮಾಡಿದರೆ ಸಿಗುವುದು tan x/x³ ಮತ್ತು sin x/x³. x ಚಿಕ್ಕದಾದಂತೆ ಇವೆರಡೂ ಎಲ್ಲೆಯಿಲ್ಲದೆ ಬೆಳೆಯುತ್ತವೆ, ಆದ್ದರಿಂದ ತುಂಡು ಮಾಡಿದ ಕೂಡಲೇ 0/0 ಬದಲು ∞ − ∞ ಎಂಬ ಇನ್ನೊಂದು ಅನಿರ್ಧಾರಿತ ರೂಪ ಸಿಗುತ್ತದೆ.

tan x ಅನ್ನು x ಎಂದು ಬದಲಿಸುವುದೂ ಅದೇ ದೋಷ. ಗುಣಾಕಾರದಲ್ಲಿ ಅದು ನಡೆಯುತ್ತದೆ. ಕಳೆಯುವಾಗ x ಮತ್ತು x ಪರಸ್ಪರ ಹೋಗಿಬಿಟ್ಟು, ನಿಜವಾಗಿ ಉತ್ತರ ಕೊಡಬೇಕಾದ ಚಿಕ್ಕ ಶೇಷವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಇಲ್ಲಿ ಮೊದಲು ಅಪವರ್ತನ, ನಂತರ ಸ್ಟ್ಯಾಂಡರ್ಡ್ ಲಿಮಿಟ್. tan x ಅನ್ನು sin x/cos x ಎಂದು ಬರೆದು sin x ಅನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆಯಿರಿ:

```
(sin x / x) · ((1 − cos x) / x²) · (1 / cos x)
```

ಈಗ ಮೂರೂ ಗುಣಾಕಾರದಲ್ಲಿವೆ, ಮೂರಕ್ಕೂ ಲಿಮಿಟ್ ಇದೆ: 1, 1/2, 1. ಉತ್ತರ 1/2. ಅನುಮಾನವಿದ್ದರೆ x = 0.1 ಹಾಕಿ ನೋಡಿ: tan 0.1 ಎಂಬುದು 0.1003347, sin 0.1 ಎಂಬುದು 0.0998334, ವ್ಯತ್ಯಾಸ 0.0005013, ಅದನ್ನು 0.001 ರಿಂದ ಭಾಗಿಸಿದರೆ 0.5013. ಸೊನ್ನೆಯ ಹತ್ತಿರವೂ ಇಲ್ಲ.

ರಾಯಚೂರು ಡಿಪ್ಲೊಮಾ

ಅರ್ಥವಾಯಿತು. ಆದರೆ ನನ್ನ ಕ್ಯಾಲ್ಕುಲೇಟರಿನಲ್ಲಿ ಹಾಕಿದರೆ 0.5 ಬರುವುದಿಲ್ಲ. sin 0.1 ಅನ್ನು 0.1 ರಿಂದ ಭಾಗಿಸಿದರೂ 1 ರ ಬದಲು 0.01745 ತೋರಿಸುತ್ತಿದೆ.

ಸಿರುಗುಪ್ಪ ಪಾಲಕ

ಅದು ಡಿಗ್ರಿ ಮೋಡಿನಲ್ಲಿದೆ, ರೇಡಿಯನ್ನಿಗೆ ಬದಲಿಸಿ. ನಿಮಗೆ ಕಂಡ 0.01745 ಎಂಬುದು π/180. sin x/x ಲಿಮಿಟ್ 1 ಎಂಬ ಸೂತ್ರ ಕೋನವನ್ನು ರೇಡಿಯನ್ನಿನಲ್ಲಿ ಅಳೆದಾಗ ಮಾತ್ರ ಸರಿ.

ಮೇಡಂ, ಒಂದು ಮಾತು. ಲೋಪಿತಾಲ್ ನಿಯಮಕ್ಕೆ ಮೌಲ್ಯಮಾಪನದಲ್ಲಿ ಅಂಕ ಕೊಡುವುದಿಲ್ಲವೇ? ನನ್ನ ಮಗ ಬರೆದಿದ್ದಾನೆ.

ಗಂಗಾವತಿ ನಿವೃತ್ತ ಉಪನ್ಯಾಸಕಿ

‘ಅವಕಲನ ಬಳಸದೆ’ ಎಂದು ಪ್ರಶ್ನೆಯಲ್ಲೇ ಇದ್ದರೆ ಕೇಳುವುದೇ ಬೇಡ. ಇಲ್ಲದಿದ್ದರೆ ನಾನಾಗಿದ್ದರೆ ಮೂಲಚಿಹ್ನೆಯ ಲೆಕ್ಕಕ್ಕೆ ಅಂಕ ಕೊಡುತ್ತಿದ್ದೆ, sin x/x ಲಿಮಿಟ್ಟನ್ನೇ ಸಾಧಿಸಲು ಹೇಳಿದ ಕಡೆ ಕೊಡುತ್ತಿರಲಿಲ್ಲ. sin x ಅವಕಲನ cos x ಎಂದು ಸಾಧಿಸುವಾಗ ಆ ಲಿಮಿಟ್ಟನ್ನೇ ಬಳಸಿರುತ್ತೇವೆ, ಆದ್ದರಿಂದ ಅದು ಸುತ್ತಿಬಳಸಿ ಹೊರಟಲ್ಲಿಗೇ ಬರುವ ವಾದ.

ಬಳ್ಳಾರಿ ಟ್ಯೂಷನ್ ಮೇಷ್ಟ್ರು

ನಾನು ಕೇಳಿದ ಮಟ್ಟಿಗೆ ಉತ್ತರ ಸರಿಯಿದ್ದರೆ ಪೂರ್ಣ ಅಂಕ ಕೊಡುವವರೂ ಇದ್ದಾರೆ, ವಿಧಾನ ನೋಡಿ ಕಡಿತ ಮಾಡುವವರೂ ಇದ್ದಾರೆ. ನಾನು ಮಕ್ಕಳಿಗೆ ಆ ಅಪಾಯ ಬೇಡ ಎಂದೇ ಹೇಳುವುದು.

ಕುಷ್ಟಗಿ ಪಿಯು

ಅವಿಚ್ಛಿನ್ನತೆಯ ಲೆಕ್ಕವಾದ್ದರಿಂದ ಎಡ ಲಿಮಿಟ್, ಬಲ ಲಿಮಿಟ್ ಎರಡನ್ನೂ ಬೇರೆ ಬೇರೆ ಬರೆಯಬೇಕಲ್ಲವೇ? ಮೇಲೆ ಯಾರೂ ಬರೆದಿಲ್ಲ.

ಗಂಗಾವತಿ ನಿವೃತ್ತ ಉಪನ್ಯಾಸಕಿ

2 ರ ಎರಡೂ ಪಕ್ಕದಲ್ಲಿ ಒಂದೇ ಸೂತ್ರವಿದ್ದು, x − 2 ಹೊಡೆದುಹೋದ ಮೇಲೆ ಉಳಿದದ್ದು ಎರಡೂ ಕಡೆ ಒಂದೇ ಆಗಿದ್ದರೆ ಬೇರೆ ಬೇರೆ ಬರೆಯುವ ಅಗತ್ಯವಿಲ್ಲ. x = 2.1 ಹಾಕಿದರೆ f ಸುಮಾರು −0.1655, 1.9 ಹಾಕಿದರೆ ಸುಮಾರು −0.1679. ಎರಡೂ −0.1667 ನ್ನು ಆಚೀಚೆಯಿಂದ ಸುತ್ತುವರಿದಿವೆ.

ಆದರೆ ಒಂದೇ ಸೂತ್ರವಿದ್ದರೂ ಎಡಬಲ ನೋಡಲೇಬೇಕಾದ ಲೆಕ್ಕಗಳಿವೆ. √(1 − cos 2x)/x ತೆಗೆದುಕೊಳ್ಳಿ, x → 0. 1 − cos 2x ಎಂಬುದು 2 sin²x. ಅದರ ವರ್ಗಮೂಲವನ್ನು ಹೆಚ್ಚಿನವರು √2 sin x ಎಂದು ಬರೆದು, ಉತ್ತರ √2 ಎನ್ನುತ್ತಾರೆ. ವರ್ಗಮೂಲ ಋಣವಾಗುವುದಿಲ್ಲ, ಆದ್ದರಿಂದ ಅದು √2 |sin x|. ಬಲದಿಂದ ಬಂದರೆ √2, ಎಡದಿಂದ ಬಂದರೆ −√2. f(0) ಗೆ ಯಾವ k ಕೊಟ್ಟರೂ ಈ ಫಲನ ಅಲ್ಲಿ ಅವಿಚ್ಛಿನ್ನವಾಗದು. ವರ್ಗಮೂಲದ ಒಳಗಿನದೇ ಸೊನ್ನೆಯಾಗುತ್ತಿದ್ದರೆ ಎಚ್ಚರವಾಗಿರಿ. ಮೂಲ ಲೆಕ್ಕದಲ್ಲಿ ಒಳಗೆ 4 ಇತ್ತು, ಅದಕ್ಕೇ ಈ ತೊಡಕು ಬರಲಿಲ್ಲ.

ಸಿಂಧನೂರು ವಿದ್ಯಾರ್ಥಿನಿ

ಮೇಡಂ, ನಿಮ್ಮ ಎರಡು ತುಂಡುಗಳನ್ನು ಮತ್ತೆ ಬರೆದು ನೋಡಿದೆ. ವರ್ಗಮೂಲವನ್ನೇ z ಎಂದು ಕರೆದರೆ x − 2 ಎಂಬುದು z² − 4 ಆಗುತ್ತದೆ, ತುಂಡು (z − 2)/(z² − 4). ಘನಮೂಲವನ್ನು y ಎಂದರೆ ತುಂಡು (y − 2)/(y³ − 8), ಅಂದರೆ 1/(y² + 2y + 4), ಬೆಲೆ 1/12. ಎರಡೂ ಬರೀ ಅಪವರ್ತನವಾದವು. ಹಾಗಾದರೆ ಅಕರಣೀಕರಣವನ್ನೂ ಆ ಸ್ಟ್ಯಾಂಡರ್ಡ್ ಲಿಮಿಟ್ಟನ್ನೂ ಬಳಸಲೇಬೇಕೆಂದಿಲ್ಲವಲ್ಲ?

ಗಂಗಾವತಿ ನಿವೃತ್ತ ಉಪನ್ಯಾಸಕಿ

ಇಲ್ಲ. ಕಾಂಜುಗೇಟಿನಿಂದ ಗುಣಿಸುವುದೆಂದರೆ z² − 4 ಅನ್ನು ಅಪವರ್ತಿಸುವುದೇ, ಬರವಣಿಗೆ ಬೇರೆ ಅಷ್ಟೇ. sin x/x ಮಾತ್ರ ಹಾಗಲ್ಲ, ಅಲ್ಲಿ ಬೀಜಗಣಿತದಿಂದ x ಹೊರಬರುವುದಿಲ್ಲ, ಸ್ಟ್ಯಾಂಡರ್ಡ್ ಲಿಮಿಟ್ ಬೇಕೇ ಬೇಕು. ನಿಮ್ಮ ದಾರಿ ಎಲ್ಲಿಯವರೆಗೆ ಹೋಗುತ್ತದೆಂದು ನೋಡಲು ಇದನ್ನು ಬಿಡಿಸಿ, x → 2:

```
(∛(x+6) − √(x+2) + (x − 2)/6) / (x − 2)²
```

ಸಿರುಗುಪ್ಪ ಪಾಲಕ

ಲೋಪಿತಾಲ್ ಎರಡು ಸಲ ಹಾಕಿದರೆ 7/576. ಅವಕಲನವಿಲ್ಲದೆ ಇದನ್ನು ಯಾರಾದರೂ ಮಾಡಿದರೆ ನೋಡುವ ಆಸೆ.

ಬಳ್ಳಾರಿ ಟ್ಯೂಷನ್ ಮೇಷ್ಟ್ರು

ಇದಕ್ಕೆ ನನ್ನ ಆರು ಪದಗಳ ಗುಣಕ ಹಾಕಲು ಹೊರಟರೆ ಉತ್ತರಪತ್ರಿಕೆ ಸಾಲದು. ಮೇಡಂ ಹಾಗೆ 2 ಅನ್ನು ನಡುವೆ ತಂದು ತುಂಡು ಮಾಡಿದರೂ ಕೆಳಗೆ ವರ್ಗವಿರುವುದರಿಂದ ಪ್ರತಿ ತುಂಡೂ ಅನಂತಕ್ಕೆ ಹೋಗುತ್ತದೆ, ಡಿಪ್ಲೊಮಾ ತಮ್ಮನ ಗತಿಯೇ ಆಗುತ್ತದೆ.

ಸಿಂಧನೂರು ವಿದ್ಯಾರ್ಥಿನಿ

ಸರ್, 2 ಅನ್ನು ಮಾತ್ರ ತಂದರೆ ಹಾಗಾಗುತ್ತದೆ. −1/6 ಎಂಬುದು 1/12 − 1/4 ಆದ್ದರಿಂದ, ಘನಮೂಲದ ತುಂಡಿನಿಂದ (x − 2)/12 ಅನ್ನೂ, ವರ್ಗಮೂಲದ ತುಂಡಿನಿಂದ (x − 2)/4 ಅನ್ನೂ ಕಳೆದೆ. ಕೂಡಿಸಿ ನೋಡಿದರೆ ಲೆಕ್ಕದಲ್ಲಿರುವ (x − 2)/6 ಸರಿಯಾಗಿ ಬರುತ್ತದೆ. ಘನಮೂಲದ ಭಾಗದ ಅಂಶ y ಬಳಸಿ ಹೀಗಾಯಿತು:

```
y − 2 − (y³ − 8)/12 = −(y − 2)²(y + 4)/12
```

ಛೇದ (y³ − 8)² ಆದ್ದರಿಂದ (y − 2)² ಪೂರ್ತಿ ಹೊಡೆದುಹೋಗುತ್ತದೆ. ಉಳಿದದ್ದು −(y + 4)/(12(y² + 2y + 4)²), y = 2 ಹಾಕಿದರೆ −6/(12 × 144) = −1/288. ತುಂಡಿಗೆ ಸಾಂತ ಲಿಮಿಟ್ ಸಿಕ್ಕಿತು, ಆದ್ದರಿಂದ ಬೇರೆ ಮಾಡಿದ್ದು ಸರಿಯೆಂದುಕೊಂಡಿದ್ದೇನೆ. ವರ್ಗಮೂಲದ ಭಾಗವನ್ನು z ಬಳಸಿ ಈಗ ಮಾಡುತ್ತಿದ್ದೇನೆ. ಪಾಲಕರು ಹೇಳಿದ 7/576 ನಿಜವಾದರೆ ಅದು −1/64 ಬರಬೇಕು.